ಡ್ಯಾಲಿ ಲೆಕ್ಕ: ಅಡಿಕೆ ಮರದಿಂದ ಬಿದ್ದವರ ವರ್ಷಗಳನ್ನು ಎಣಿಸುವುದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆರೋಗ್ಯ ಸಿಬ್ಬಂದಿಗೆ ಅಂಕಿ ಅಂಶದ ಪಾಠ ಹೇಳುವಾಗ ಪ್ರತಿ ಸಲವೂ ಬರುವ ಪ್ರಶ್ನೆಗಳಿವು. ಪುಸ್ತಕದ ಉದಾಹರಣೆ ಕೊಟ್ಟರೆ ಅರ್ಧ ಜನ ಗಡಿಯಾರ ನೋಡುತ್ತಾರೆ. ಅದಕ್ಕೇ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿ ಹಿಡಿದುಕೊಂಡಿದ್ದೇನೆ: ಕೊನೆ ಕೊಯ್ಯಲು ಹತ್ತಿದವರು ಬೀಳುವುದು. ಬಿದ್ದವರ ಸಂಖ್ಯೆ ಮತ್ತು ವಯಸ್ಸು ಲೆಕ್ಕಕ್ಕಾಗಿ ನಾನೇ ಹಾಕಿಕೊಂಡಿದ್ದು. ಆಯುಷ್ಯದ ಕೋಷ್ಟಕ ಮತ್ತು ತೂಕಗಳು ಮಾತ್ರ ಜಾಗತಿಕ ರೋಗಹೊರೆ ಅಧ್ಯಯನದವು.

ಡ್ಯಾಲಿ ಅಂದರೆ ಏನು, ಒಂದೇ ಮಾತಲ್ಲಿ ಹೇಳಿ.

ಆರೋಗ್ಯವಾಗಿ ಬದುಕಬಹುದಾಗಿದ್ದ ಒಂದು ವರ್ಷ ಕೈ ಬಿಟ್ಟು ಹೋದರೆ ಅದು ಒಂದು ಡ್ಯಾಲಿ. ಅದು ಎರಡು ದಾರಿಯಲ್ಲಿ ಕೈ ಬಿಡುತ್ತದೆ. ಬೇಗ ಸತ್ತರೆ ಉಳಿದ ವರ್ಷಗಳು ಹೋದವು. ಅದು ವೈಎಲ್‌ಎಲ್, ಅಂದರೆ ಕಳೆದುಹೋದ ಆಯುಷ್ಯದ ವರ್ಷಗಳು. ಬದುಕಿ ಉಳಿದು ನರಳಿದರೆ ಪ್ರತಿ ವರ್ಷದಲ್ಲೂ ಒಂದು ಪಾಲು ಹೋಯಿತು. ಅದು ವೈಎಲ್‌ಡಿ, ಅಂದರೆ ತೊಂದರೆಯೊಂದಿಗೆ ಬದುಕಿದ ವರ್ಷಗಳು.

```
DALY = YLL + YLD
```

ಎಷ್ಟು ಜನ ಸತ್ತರು ಅಂತ ಎಣಿಸಿದರೆ ಸಾಲದಾ?

ಸಾಲದು. ಒಂದು ಹಂಗಾಮಿನಲ್ಲಿ ನಾಲ್ಕಾರು ಊರು ಸೇರಿ ಮೂವರು ಬಿದ್ದರು ಅಂದುಕೊಳ್ಳಿ. ಒಬ್ಬರಿಗೆ 40 ವರ್ಷ, ಸ್ಥಳದಲ್ಲೇ ಹೋದರು. ಇನ್ನೊಬ್ಬನಿಗೆ 30, ಬೆನ್ನುಹುರಿಗೆ ಪೆಟ್ಟು, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಮೂರನೆಯವರಿಗೆ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು, ಮೂರು ತಿಂಗಳು ಪ್ಲಾಸ್ಟರ್, ಆಮೇಲೆ ಸರಿಹೋದರು. ಸಾವಿನ ಲೆಕ್ಕದಲ್ಲಿ ಇದು ಬರೀ '1'. ಹಾಸಿಗೆ ಹಿಡಿದ ಹುಡುಗ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಆದರೆ ಅವನ ಮನೆಯವರನ್ನು ಕೇಳಿ, ಯಾವುದು ದೊಡ್ಡದು ಅಂತ.

ಈ ಮೂವರನ್ನೇ ಕೊನೆಯವರೆಗೂ ಇಟ್ಟುಕೊಳ್ಳೋಣ.

ಸತ್ತವರ ವರ್ಷ ಎಣಿಸುವುದು ಹೇಗೆ?

ಸಾಯುವಾಗ ಎಷ್ಟು ವಯಸ್ಸು ಅಂತ ನೋಡಿ. ಆ ವಯಸ್ಸಿನಲ್ಲಿ ಇನ್ನೂ ಎಷ್ಟು ವರ್ಷ ಬದುಕಬಹುದಿತ್ತು ಅನ್ನುವುದನ್ನು ಕೋಷ್ಟಕದಿಂದ ತೆಗೆದುಕೊಳ್ಳಿ. ಸತ್ತವರ ಸಂಖ್ಯೆಯಿಂದ ಗುಣಿಸಿ. ಅಷ್ಟೇ.

```
YLL = N × L
```

2010ರ ಜಾಗತಿಕ ಅಧ್ಯಯನದ ಕೋಷ್ಟಕದಲ್ಲಿ ಹುಟ್ಟಿದ ಮಗುವಿಗೆ 86 ವರ್ಷ. 40ರಲ್ಲಿ ಉಳಿದಿರುವುದು ಸುಮಾರು 46.6. 60ರಲ್ಲಿ 27.8. 80ರಲ್ಲಿ 11. ನಮ್ಮ 40 ವರ್ಷದವರ ಸಾವಿಗೆ 46.6 ವೈಎಲ್‌ಎಲ್.

80ಕ್ಕೆ 11 ಹೇಗೆ? 86ರಲ್ಲಿ 80 ಕಳೆದರೆ 6 ಅಲ್ವಾ?

ಈ ಪ್ರಶ್ನೆ ಕೇಳದ ತಂಡ ನನಗೆ ಇನ್ನೂ ಸಿಕ್ಕಿಲ್ಲ. ತಪ್ಪೂ ಇಲ್ಲೇ ಜಾಸ್ತಿ ಆಗುವುದು.

86 ಅನ್ನುವುದು ಹುಟ್ಟಿದ ಎಲ್ಲರ ಸರಾಸರಿ. ಚಿಕ್ಕಂದಿನಲ್ಲೇ ಹೋದವರು, ನಡುವಯಸ್ಸಿನಲ್ಲಿ ಹೋದವರು ಎಲ್ಲರೂ ಅದರೊಳಗಿದ್ದಾರೆ. 80 ಮುಟ್ಟಿದ ಅಜ್ಜ ಅಷ್ಟೂ ಗಂಡಾಂತರ ದಾಟಿ ಬಂದವರು. ಅವರ ಮುಂದಿನ ದಾರಿ ಅವರಂಥವರದ್ದೇ ಸರಾಸರಿ, ಅಂದರೆ 11. ಸುಮ್ನೆ ಕಳೆಯುವ ಲೆಕ್ಕ ಮಾಡಿದರೆ 90ರಲ್ಲಿ ತೀರಿಕೊಂಡ ಅಜ್ಜಿಗೆ ಮೈನಸ್ 4 ಬರುತ್ತದೆ. ಆ ಅಜ್ಜಿ ಯಾರಿಗೆ ಸಾಲ ಕೊಡಬೇಕಿತ್ತು? ನಿಮ್ಮ ಹಾಳೆಯಲ್ಲಿ ಎಲ್ಲಾದರೂ ಮೈನಸ್ ಕಂಡರೆ ಇದೇ ತಪ್ಪು ಆಗಿದೆ ಅಂತ ತಿಳಿಯಿರಿ.

ನಮ್ಮೂರಲ್ಲಿ 86ರವರೆಗೆ ಬದುಕುವವರು ಎಷ್ಟು ಜನ? ಭಾರತದ ಸರಾಸರಿ ಹಾಕಬೇಕಿತ್ತು ಅಲ್ವಾ?

2016–20ರ ಮಾದರಿ ನೋಂದಣಿ ಪ್ರಕಾರ ಭಾರತದಲ್ಲಿ ಹುಟ್ಟುವಾಗಿನ ನಿರೀಕ್ಷಿತ ಆಯುಷ್ಯ 70 ವರ್ಷ. ಅದನ್ನು ಹಾಕಿ ನೋಡಿ ಏನಾಗುತ್ತದೆ ಅಂತ. 40 ವರ್ಷದ ಜಪಾನಿನವನು ಬಿದ್ದು ಸತ್ತರೆ ಜಾಸ್ತಿ ನಷ್ಟ, 40 ವರ್ಷದ ಕೊನೆಗೌಡ ಬಿದ್ದು ಸತ್ತರೆ ಕಡಿಮೆ ನಷ್ಟ ಅಂತಾಗುತ್ತದೆ. ಎಲ್ಲಿ ಆರೋಗ್ಯ ವ್ಯವಸ್ಥೆ ಸೊರಗಿದೆಯೋ ಅಲ್ಲಿನ ಸಾವು ಅಗ್ಗ ಅಂದ ಹಾಗೆ. ಅದಕ್ಕೇ ಎಲ್ಲ ದೇಶಕ್ಕೂ ಒಂದೇ ಕೋಷ್ಟಕ. ಇದು ಯಾವ ಊರಲ್ಲಿ ಜನ ಎಷ್ಟು ಬದುಕುತ್ತಾರೆ ಅನ್ನುವ ವರದಿ ಅಲ್ಲ. ಎಷ್ಟು ಬದುಕಲು ಸಾಧ್ಯ ಅನ್ನುವುದಕ್ಕೆ ಇಟ್ಟ ಅಳತೆಗೋಲು.

ಆದರೆ ಅಳತೆಗೋಲು ಒಂದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹುಟ್ಟುವಾಗ ಸುಮಾರು 92, 40ರಲ್ಲಿ 52.2. ಅದೇ ಸಾವು, ಅದೇ ಮನುಷ್ಯ. ಒಂದು ವರದಿಯಲ್ಲಿ 46.6, ಇನ್ನೊಂದರಲ್ಲಿ 52.2. ಎರಡು ವರದಿ ಹೋಲಿಸುವ ಮೊದಲು ಯಾವ ಕೋಷ್ಟಕ ಅಂತ ನೋಡಲೇಬೇಕು. ಎಷ್ಟೋ ಸಲ 'ಹೊರೆ ಏರಿತು' ಅನ್ನುವ ಸುದ್ದಿಯ ಹಿಂದೆ ಇರುವುದು ಇಷ್ಟೇ.

ಬದುಕಿ ಉಳಿದವರ ಲೆಕ್ಕ?

ಇಲ್ಲಿ ತೂಕ ಬರುತ್ತದೆ. ಪ್ರತಿ ತೊಂದರೆಗೂ 0 ಮತ್ತು 1ರ ನಡುವೆ ಒಂದು ಸಂಖ್ಯೆ. 0 ಅಂದರೆ ಪೂರ್ತಿ ಆರೋಗ್ಯ, 1 ಅಂದರೆ ಸಾವಿಗೆ ಸಮ. ಎಷ್ಟು ಜನ, ಎಷ್ಟು ತೂಕ, ಎಷ್ಟು ಕಾಲ, ಮೂರನ್ನೂ ಗುಣಿಸಿ.

```
YLD = I × DW × L
```

ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲದೆ, ಚಿಕಿತ್ಸೆ ಸಿಕ್ಕಿದ್ದರೆ ತೂಕ 0.296. ನಮ್ಮ 30ರ ಹುಡುಗ ಹೀಗೆ ಇನ್ನು 30 ವರ್ಷ ಬದುಕುತ್ತಾನೆ ಅಂದುಕೊಂಡರೆ:

```
1 × 0.296 × 30 = 8.88
```

ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ತೂಕ 0.050, ಕಾಲ ಮೂರು ತಿಂಗಳು, ಅಂದರೆ 0.25 ವರ್ಷ:

```
1 × 0.050 × 0.25 = 0.0125
```

ತಿಂಗಳನ್ನು ವರ್ಷಕ್ಕೆ ತಿರುಗಿಸುವುದು ಮರೆತು 3 ಅಂತಲೇ ಗುಣಿಸಿದವರಿದ್ದಾರೆ. ಆಗ ಒಂದು ಮುರಿದ ಕಾಲು ಹನ್ನೆರಡು ಪಟ್ಟು ಆಗುತ್ತದೆ.

0.0125 ಅಂದರೆ ಎಷ್ಟು ದಿನ?

365ರಿಂದ ಗುಣಿಸಿ. ನಾಲ್ಕೂವರೆ ದಿನ.

ನಮ್ಮ ತೋಟಕ್ಕೆ ಬರುತ್ತಿದ್ದವರೊಬ್ಬರಿಗೆ ಹೀಗೇ ಆಗಿತ್ತು. ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಿಡಿಯುವಾಗ ಮರ ಅರ್ಧಕ್ಕೆ ಮುರಿಯಿತು. ಕೆಳಗೆ ಸೊಪ್ಪಿನ ರಾಶಿ ಇತ್ತು, ಜೀವ ಉಳಿಯಿತು. ಮೂರು ತಿಂಗಳು ಜಗಲಿಯ ಕಂಬಕ್ಕೆ ಒರಗಿ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಕೊನೆಕತ್ತಿ ಗೋಡೆಗೆ ನೇತಾಡುತ್ತಿತ್ತು. ಇಡೀ ಕೊಯ್ಲು ಅವರ ಕಣ್ಣೆದುರೇ ಬೇರೆಯವರ ಕೈಯಲ್ಲಿ ಮುಗಿದು ಹೋಯಿತು. "ನಿಮ್ಮ ಲೆಕ್ಕದಲ್ಲಿ ನನಗೆಷ್ಟು ದಿನ ಬಂತು ತಮಾ?" ಅಂತ ಕೇಳಿದರು. ನಾಲ್ಕೂವರೆ ಅಂದೆ. "ನಾಲ್ಕೂವರೆ ದಿನಕ್ಕೆ ಕಿರಾಣಿ ಅಂಗಡಿಯವ ಇಷ್ಟುದ್ದ ಪಟ್ಟಿ ಬರೀತಾನಾ?" ಅಂದರು.

ಅವರ ಮಾತು ಸರಿ. ಲೆಕ್ಕವೂ ಸರಿ. ಎರಡೂ ಬೇರೆ ಬೇರೆ ಸಂಗತಿ ಅಳೆಯುತ್ತವೆ. ಡ್ಯಾಲಿ ಅಳೆಯುವುದು ಮೈಯ ಆರೋಗ್ಯದ ನಷ್ಟವನ್ನು ಮಾತ್ರ. ಕೂಲಿ, ಸಾಲ, ಹಂಗಾಮು ಅದರೊಳಗಿಲ್ಲ. ನೋವು ಇತ್ತು, ನಡೆಯಲು ಆಗುತ್ತಿರಲಿಲ್ಲ, ಅಷ್ಟು ಅದಕ್ಕೆ ಕಾಣುತ್ತದೆ. ಕಾಲು ಮುರಿದವರು ಮೇಜಿನ ಕೆಲಸದವರೋ ಮರ ಹತ್ತುವವರೋ ಅನ್ನುವುದು ಅದಕ್ಕೆ ಬೇಡ.

ಈ 0.296, 0.050 ಎಲ್ಲ ಯಾರು ನಿಗದಿ ಮಾಡಿದ್ದು?

ಮೊದಲು ಆರೋಗ್ಯ ತಜ್ಞರ ಸಣ್ಣ ಗುಂಪು ಕೂತು ತೀರ್ಮಾನಿಸುತ್ತಿತ್ತು. ಜನರ ಕಷ್ಟಕ್ಕೆ ಡಾಕ್ಟರುಗಳು ತೂಕ ಹಾಕುವುದು ಯಾವ ನ್ಯಾಯ ಅಂತ ತಕರಾರು ಬಂತು. 2010ರ ಅಧ್ಯಯನಕ್ಕೆ ಸಾಮಾನ್ಯ ಜನರನ್ನೇ ಕೇಳಿದರು. ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ತಾಂಜಾನಿಯಾಗಳಲ್ಲಿ ಮನೆ ಮನೆಗೆ ಹೋಗಿ, ಅಮೆರಿಕದಲ್ಲಿ ಫೋನಿನಲ್ಲಿ, ಜೊತೆಗೆ ಇಂಟರ್ನೆಟ್‌ನಲ್ಲಿ. ಒಟ್ಟು ಸುಮಾರು 30,000 ಜನ. ಆಮೇಲೆ ಯುರೋಪಿನ ನಾಲ್ಕು ದೇಶಗಳ ಉತ್ತರ ಸೇರಿಸಿ 2013ರ ಅಧ್ಯಯನಕ್ಕೆ ತೂಕ ಪರಿಷ್ಕರಿಸಿದರು. ನಾನಿಲ್ಲಿ ಬಳಸಿದ್ದು ಆ ಪರಿಷ್ಕೃತ ಪಟ್ಟಿಯದ್ದು.

ಕೇಳಿದ ಪ್ರಶ್ನೆ ಸರಳ. ಇಬ್ಬರು ಮನುಷ್ಯರ ಸ್ಥಿತಿಯನ್ನು ಎರಡೆರಡು ವಾಕ್ಯದಲ್ಲಿ ಓದಿ ಹೇಳುತ್ತಾರೆ. ಇವರಲ್ಲಿ ಹೆಚ್ಚು ಆರೋಗ್ಯವಂತ ಯಾರು? ಹೀಗೆ ಸಾವಿರಾರು ಜೋಡಿ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಆ ಎರಡು ಸ್ಥಿತಿಗಳ ನಡುವೆ ಅಂತರ ದೊಡ್ಡದು. ಉತ್ತರ ಅರ್ಧರ್ಧ ಹಂಚಿ ಹೋದರೆ ಎರಡೂ ಹತ್ತಿರ ಹತ್ತಿರ. ಅದರಿಂದ ಕ್ರಮ ಸಿಗುತ್ತದೆ. ಆ ಕ್ರಮವನ್ನು 0 ಮತ್ತು 1ರ ನಡುವೆ ಕೂರಿಸಲು ಇನ್ನೊಂದು ಬಗೆಯ ಪ್ರಶ್ನೆ ಕೇಳಿದ್ದಾರೆ.

ಭಾರತದ ಮನೆಗಳಿಗೆ ಆ ಸಮೀಕ್ಷೆ ಹೋಗಿರಲಿಲ್ಲ. ಇದನ್ನು ಯಾರಾದರೂ ಎತ್ತಿದರೆ ನಾನು ವಾದಿಸುವುದಿಲ್ಲ. ಹೋದ ದೇಶಗಳಲ್ಲಿ ಉತ್ತರಗಳು ಬಹಳ ಮಟ್ಟಿಗೆ ಹೊಂದಿಕೊಂಡವು ಅನ್ನುವುದಷ್ಟೇ ಸಮಾಧಾನ.

ಒಂದು ಕಾಲು ಹೋದರೆ 0.039 ಅಂತ ಓದಿದೆ. ಇದು ಅನ್ಯಾಯ ಅಲ್ವಾ?

ಪೂರ್ತಿ ಓದಿ. 0.039 ಕೃತಕ ಕಾಲು ಇದ್ದವರಿಗೆ. ಇಲ್ಲದವರಿಗೆ 0.173. ಸಮೀಕ್ಷೆಯಲ್ಲಿ 'ಹೆಚ್ಚು ಆರೋಗ್ಯವಂತ ಯಾರು' ಅಂತ ಕೇಳಿದರು, 'ಬದುಕು ಯಾರದ್ದು ಕಷ್ಟ' ಅಂತ ಕೇಳಲಿಲ್ಲ. ಕೃತಕ ಕಾಲಿನಲ್ಲಿ ಓಡಾಡುವವನನ್ನು ಜನ ಬಹುಪಾಲು ಆರೋಗ್ಯವಂತ ಅಂದುಕೊಂಡರು. ಆ ಕಾಲಿನಲ್ಲಿ ತಳೆ ಹಾಕಿ ಅಡಿಕೆ ಮರ ಹತ್ತಲು ಆಗುವುದಿಲ್ಲ ಅನ್ನುವುದು ಆ ಎರಡು ವಾಕ್ಯದಲ್ಲಿ ಇರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪರಿಹಾರದ ಮೊತ್ತ ನಿಗದಿಗೆ ಈ ತೂಕ ಬಳಸುವುದು ತಪ್ಪು. ಅದಕ್ಕಾಗಿ ಇದನ್ನು ಮಾಡಿದ್ದೇ ಅಲ್ಲ.

ಚಿಕಿತ್ಸೆ ಸಿಗದಿದ್ದರೆ ಆ ಹುಡುಗನ ಲೆಕ್ಕ ಬದಲಾಗುತ್ತದಾ?

ಬಹಳ. ಚಿಕಿತ್ಸೆ ಸಿಕ್ಕವನು ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಸಿಗದವನ ಕಾಲು ಮಡಚಿ ಗಟ್ಟಿಯಾಗಿರುತ್ತದೆ, ಮೈಯಲ್ಲಿ ಹಾಸಿಗೆ ಹುಣ್ಣು, ಪದೇ ಪದೇ ಸೋಂಕು. ಆ ಸ್ಥಿತಿಯ ತೂಕ 0.623. ಅದೇ 30 ವರ್ಷಕ್ಕೆ 18.7 ಆಗುತ್ತದೆ, ಎರಡು ಪಟ್ಟಿಗೂ ಮಿಕ್ಕಿ.

ಆದರೆ ಹುಣ್ಣು, ಸೋಂಕು ಇದ್ದವನು 30 ವರ್ಷ ಬದುಕುವುದೇ ಕಷ್ಟ. 10 ವರ್ಷಕ್ಕೆ, ಅಂದರೆ 40ರಲ್ಲಿ, ಹೋದ ಅಂದುಕೊಳ್ಳಿ. ವೈಎಲ್‌ಡಿ 6.23ಕ್ಕೆ ಇಳಿಯುತ್ತದೆ. ಬರೀ ವೈಎಲ್‌ಡಿ ನೋಡಿದವರಿಗೆ 'ಅಯ್ಯೋ, ಚಿಕಿತ್ಸೆ ಇಲ್ಲದವನ ನಷ್ಟ 8.88ಕ್ಕಿಂತ ಕಡಿಮೆ!' ಅನ್ನಿಸುತ್ತದೆ. ಸತ್ತಾಗ ವೈಎಲ್‌ಎಲ್ 46.6 ಬಂದು ಸೇರಬೇಕು. ಒಟ್ಟು ಸುಮಾರು 52.8. ಇಳಿದ ವೈಎಲ್‌ಡಿ ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಅಂತ ವೈಎಲ್‌ಎಲ್ ಪಕ್ಕದಲ್ಲಿಟ್ಟುಕೊಂಡೇ ಹೇಳಬೇಕು.

ಬಿದ್ದವನನ್ನು ನಾಲ್ವರು ಕೈಕಾಲು ಹಿಡಿದು ಎತ್ತಿ ಜೀಪಿನ ಸೀಟಿನಲ್ಲಿ ಕೂರಿಸಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವುದು ನಮ್ಮ ಕಡೆ ಕಂಡದ್ದೇ. ಬೆನ್ನೆಲುಬು ಮುರಿದಿದ್ದರೆ ಆ ಎತ್ತುವಿಕೆಯಲ್ಲೇ ಬೆನ್ನುಹುರಿಗೆ ಇನ್ನಷ್ಟು ಪೆಟ್ಟಾಗಬಹುದು. ಬಾಗಿಲ ಹಲಗೆಯ ಮೇಲೆ ಕುತ್ತಿಗೆ, ಬೆನ್ನು ಅಲುಗದಂತೆ ಮಲಗಿಸಿ ಒಯ್ದರೆ ಆ ಅಪಾಯ ಕಡಿಮೆ.

ಕೆಲವು ವರದಿಗಳಲ್ಲಿ ಕಾಲಾವಧಿಯೇ ಇಲ್ಲ. ಬರೀ ಜನ ಮತ್ತು ತೂಕ ಗುಣಿಸಿದ್ದಾರೆ. ತಪ್ಪಾ?

ತಪ್ಪಲ್ಲ, ಅದು ಇನ್ನೊಂದು ವಿಧಾನ.

```
YLD = P × DW
```

ಮೊದಲ ವಿಧಾನ ಈ ವರ್ಷ ಹೊಸದಾಗಿ ಬಿದ್ದವರನ್ನು ಹಿಡಿದು ಅವರ ಮುಂದಿನ ವರ್ಷಗಳನ್ನೆಲ್ಲ ಇವತ್ತಿನ ಲೆಕ್ಕಕ್ಕೇ ಬರೆಯುತ್ತದೆ. ಎರಡನೆಯದು ಯಾವಾಗಲೇ ಬಿದ್ದಿರಲಿ, ಈ ವರ್ಷ ಆ ಸ್ಥಿತಿಯಲ್ಲಿ ಬದುಕುತ್ತಿರುವವರನ್ನೆಲ್ಲ ಎಣಿಸುತ್ತದೆ. ನಮ್ಮ ಊರುಗಳಲ್ಲಿ ಹಿಂದಿನ ವರ್ಷಗಳಲ್ಲಿ ಬಿದ್ದ ಐದು ಜನ ಇದ್ದಾರೆ ಅಂದುಕೊಳ್ಳಿ. ಈ ಹುಡುಗ ಸೇರಿ ಆರು. 6 × 0.296 ಅಂದರೆ 1.78. ಮೊದಲ ವಿಧಾನದಲ್ಲಿ ಇದೇ 8.88 ಆಗಿತ್ತು.

ಮೂವರನ್ನೂ ಕೂಡಿಸಿದರೆ, ಹೊಸಬರ ವಿಧಾನದಲ್ಲಿ 46.6 + 8.88 + 0.01, ಅಂದರೆ ಸುಮಾರು 55.5 ಡ್ಯಾಲಿ. ಇರುವವರ ವಿಧಾನದಲ್ಲಿ ಸುಮಾರು 48.4. ಜಾಗತಿಕ ಅಧ್ಯಯನ 2010ರಿಂದ ಎರಡನೆಯದಕ್ಕೆ ಬದಲಾಯಿತು. ಈ ವರ್ಷ ಎಷ್ಟು ಗಾಲಿಕುರ್ಚಿ, ಎಷ್ಟು ಫಿಸಿಯೋಥೆರಪಿ ಬೇಕು ಅಂತ ತಿಳಿಯಲು ಅದು ಸರಿ. ಮರ ಹತ್ತುವ ಯಂತ್ರ, ಸುರಕ್ಷಾ ಬೆಲ್ಟ್ ಹಂಚಿದ್ದರಿಂದ ಏನು ಉಳಿಯಿತು ಅಂತ ನೋಡಲು ನಾನು ಮೊದಲನೆಯದನ್ನೇ ಬಳಸುತ್ತೇನೆ. ಯಾಕೆಂದರೆ ಬೆಲ್ಟ್ ತಪ್ಪಿಸುವುದು ಹೊಸ ಬೀಳುವಿಕೆಯನ್ನು. ಹಳೆಯ ಐವರಿಗೆ ಅದರಿಂದ ಏನೂ ಆಗುವುದಿಲ್ಲ. ಒಂದೇ ಹಾಳೆಯಲ್ಲಿ ಎರಡನ್ನೂ ಕಲಸಿದರೆ ಮಾತ್ರ ಕೆಟ್ಟಿತು.

ಮಂಗನ ಕಾಯಿಲೆಗೂ ಹೀಗೇ ಮಾಡಬಹುದಾ?

ಮಾಡಬಹುದು. ಚಿತ್ರ ಪೂರ್ತಿ ಬೇರೆ ಬರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಉಣ್ಣಿಯಿಂದ ಹರಡುತ್ತದೆ. ಬಂದವರಲ್ಲಿ ಶೇ. 3ರಿಂದ 5ರಷ್ಟು ಜನ ಸಾಯುತ್ತಾರೆ. 40 ಜನಕ್ಕೆ ಬಂತು, 40 ಮತ್ತು 60 ವರ್ಷದ ಇಬ್ಬರು ಹೋದರು ಅಂದುಕೊಳ್ಳಿ. ವೈಎಲ್‌ಎಲ್ 46.6 + 27.8 = 74.4. ಉಳಿದ 38 ಜನ ಎರಡು ವಾರ ಜೋರು ಜ್ವರದಲ್ಲಿ ಮಲಗಿದರು. ತೂಕ 0.133.

```
38 × 0.133 × (14/365) = 0.19
```

ಮೂವತ್ತೆಂಟು ಜನರ ಜ್ವರ, ಮೈಕೈ ನೋವು ಎಲ್ಲ ಸೇರಿ 0.19. ಅವರಲ್ಲಿ ಹತ್ತು ಜನಕ್ಕೆ ಮೂರು ತಿಂಗಳು ಸುಸ್ತು ಉಳಿಯಿತು ಅಂತ ಸೇರಿಸಿದರೂ, 0.219 ತೂಕದಲ್ಲಿ, ಇನ್ನೊಂದು 0.55. ಹಾಗಾಗಿ ಈ ಕಾಯಿಲೆಯಲ್ಲಿ ಲೆಕ್ಕ ನಿಲ್ಲುವುದು ಸಾವಿನ ಮೇಲೆ. ಒಂದು ಸಾವು ದಾಖಲೆಯಿಂದ ತಪ್ಪಿಸಿಕೊಂಡರೆ ಮೊತ್ತ ಅರ್ಧಕ್ಕೆ ಬೀಳಬಹುದು. ಹತ್ತು ಜ್ವರ ತಪ್ಪಿಸಿಕೊಂಡರೆ ಏನೂ ಗೊತ್ತಾಗುವುದಿಲ್ಲ.

ಹಳೆಯ ಪುಸ್ತಕದ ಸೂತ್ರ ಇಷ್ಟುದ್ದ ಇದೆಯಲ್ಲ?

ವಿಶ್ವ ಬ್ಯಾಂಕಿನ 1993ರ ವರದಿಯಲ್ಲಿ ಡ್ಯಾಲಿ ಬಂದಾಗ ಎರಡು ಸಂಗತಿ ಜಾಸ್ತಿ ಇದ್ದವು. ದೂರದ ವರ್ಷಕ್ಕೆ ಕಡಿಮೆ ಬೆಲೆ, ವರ್ಷಕ್ಕೆ ಶೇ. 3ರ ಕಡಿತ. ಮತ್ತೆ ಸುಮಾರು 25ರ ವಯಸ್ಸಿನ ವರ್ಷಕ್ಕೆ ಹೆಚ್ಚು ಬೆಲೆ, ಮಗು ಮತ್ತು ಮುದುಕರ ವರ್ಷಕ್ಕೆ ಕಡಿಮೆ. ಶೇ. 3ರ ಕಡಿತ ಒಂದನ್ನೇ ಹಾಕಿದರೂ ನಮ್ಮ 46.6 ವರ್ಷ ಸುಮಾರು 25 ಆಗುತ್ತದೆ. 2010ರಲ್ಲಿ ಎರಡನ್ನೂ ಕೈಬಿಟ್ಟರು. ಒಳ್ಳೆಯದೇ ಆಯಿತು ಅನ್ನುತ್ತೇನೆ. ನೀವು ಓದುತ್ತಿರುವ ಲೇಖನದಲ್ಲಿ ಅವು ಇವೆಯಾ ಅಂತ ಮಾತ್ರ ನೋಡಿಕೊಳ್ಳಿ.

ಒಬ್ಬರಿಗೇ ಎರಡು ತೊಂದರೆ ಇದ್ದರೆ ತೂಕ ಕೂಡಿಸುವುದಾ?

ಇಲ್ಲ. ಕೂಡಿಸುತ್ತಾ ಹೋದರೆ 1 ದಾಟಿಬಿಡುತ್ತದೆ, ಸಾವಿಗಿಂತ ಹೆಚ್ಚು ಅಂದ ಹಾಗೆ. ಉಳಿದ ಆರೋಗ್ಯವನ್ನು ಗುಣಿಸಬೇಕು. ಗಾಲಿಕುರ್ಚಿಯ ಹುಡುಗನಿಗೆ ಮಧ್ಯಮ ಬೆನ್ನುನೋವೂ ಇದ್ದರೆ, ಅದರ ತೂಕ 0.054:

```
1 − (1 − 0.296) × (1 − 0.054) = 0.334
```

ಲೆಕ್ಕ ನಿಜವಾಗಿ ಎಲ್ಲಿ ಎಡವುತ್ತದೆ?

ಗುಣಾಕಾರದಲ್ಲಿ ಅಲ್ಲ, ಸಾವಿನ ಕಾರಣದ ಸಾಲಿನಲ್ಲಿ. ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ. 22.5 ಮಾತ್ರ. ಬರೆದಿದ್ದರೂ 'ಹೃದಯ ಸ್ತಂಭನ' ಅಂತ ಇರುತ್ತದೆ. ಸತ್ತ ಎಲ್ಲರ ಹೃದಯವೂ ನಿಂತಿರುತ್ತದೆ, ಅದು ಕಾರಣ ಆಗುವುದಿಲ್ಲ. ನಮ್ಮ ಹುಡುಗ ಹತ್ತು ವರ್ಷದ ಮೇಲೆ ಹಾಸಿಗೆ ಹುಣ್ಣಿನ ನಂಜಿನಿಂದ ತೀರಿಕೊಂಡರೆ ಮೂಲ ಕಾರಣ ಮರದಿಂದ ಬಿದ್ದದ್ದು. ಕಾಗದದಲ್ಲಿ ಬರೀ 'ನಂಜು' ಅಂತ ಬಂದರೆ 46.6 ವರ್ಷ ಬೇರೆ ಖಾತೆಗೆ ಹೋಯಿತು. ಮನೆಗೆ ಹೋಗಿ ಸಾವಿನ ಬಗ್ಗೆ ಕೇಳುವವರು 'ಮೊದಲು ಇದೆಲ್ಲ ಶುರುವಾದದ್ದು ಯಾವಾಗ, ಹೇಗೆ?' ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಿದರೆ ಇದು ಸಿಗುತ್ತದೆ.

ಇನ್ನೊಂದು, ವಯಸ್ಸು. 'ಐವತ್ತಾಗಿತ್ತು ಅನ್ನಿ' ಅನ್ನುವ ಉತ್ತರ ನಮ್ಮಲ್ಲಿ ಮಾಮೂಲು. ನಿಮ್ಮ ಪಟ್ಟಿಯಲ್ಲಿ 40, 50, 60 ಗುಂಪುಗುಂಪಾಗಿದ್ದು 43, 57 ಕಾಣದಿದ್ದರೆ ಆಧಾರ್ ಕಾರ್ಡ್ ತೆಗೆಸಿ ನೋಡಿ.

ಎಕ್ಸೆಲ್‌ನಲ್ಲಿ ಮಾಡಬಹುದಾ?

ಆರಾಮಾಗಿ. ಒಂದು ಕಾಲಮ್ಮಿನಲ್ಲಿ ಆ ವಯಸ್ಸಿನ ಸಾವುಗಳು, ಪಕ್ಕದಲ್ಲಿ ಕೋಷ್ಟಕದ ಉಳಿದ ವರ್ಷ.

```
=SUMPRODUCT(B2:B20,C2:C20)
```

ವೈಎಲ್‌ಡಿಗೆ ಬೇರೆ ಹಾಳೆ ಮಾಡಿ. ಅದರಲ್ಲಿ ಜನ, ತೂಕ, ಕಾಲ ಅಂತ ಮೂರು ಕಾಲಮ್ಮು. ಕಾಲದ ಕಾಲಮ್ಮಿನ ತಲೆಯ ಮೇಲೆ 'ವರ್ಷದಲ್ಲಿ' ಅಂತ ದಪ್ಪಗೆ ಬರೆದಿಡಿ. ಯಾವ ಆಯುಷ್ಯದ ಕೋಷ್ಟಕ, ಯಾವ ವಿಧಾನ ಅನ್ನುವುದನ್ನು ಹಾಳೆಯ ಮೊದಲ ಸಾಲಿನಲ್ಲೇ ಹಾಕಿ. ಮುಂದಿನ ವರ್ಷ ಕಾರವಾರದಿಂದ ಯಾರಾದರೂ ಫೋನ್ ಮಾಡಿ ಕೇಳಿದಾಗ ನಿಮಗೇ ನೆನಪಿರುವುದಿಲ್ಲ.